ಮುಖರ್ಜಿ ನಗರದಿಂದ ಬೆಂಗಳೂರಿಗೆ ನೂರು ಪದದ ಪತ್ರ

ದೆಹಲಿ ಮೆಟ್ರೊದ ಹಳದಿ ಮಾರ್ಗದಲ್ಲಿ ಗುರು ತೇಗ್ ಬಹಾದ್ದೂರ್ ನಗರ ನಿಲ್ದಾಣದಲ್ಲಿ ಇಳಿದು ಇ-ರಿಕ್ಷಾ ಹತ್ತಿದರೆ ಸ್ವಲ್ಪ ಹೊತ್ತಿಗೆ ಮುಖರ್ಜಿ ನಗರದ ಬತ್ರಾ ಸಿನಿಮಾ ಬರುತ್ತದೆ. ಅಲ್ಲಿಂದ ಎತ್ತ ತಿರುಗಿದರೂ ಕೋಚಿಂಗ್ ಕೇಂದ್ರಗಳ ಫಲಕ, ನೋಟ್ಸ್ ಮಾರುವ ಜೆರಾಕ್ಸ್ ಅಂಗಡಿ, ಲೈಬ್ರರಿ ಎಂದು ಬೋರ್ಡು ಹಾಕಿಕೊಂಡ ಬಾಡಿಗೆಯ ಓದುಕೋಣೆ. ಇಂಗ್ಲಿಷ್ ಮಾಧ್ಯಮದಲ್ಲಿ ಯುಪಿಎಸ್‌ಸಿ ಓದುವವರು ಹೆಚ್ಚಾಗಿ ರಾಜಿಂದರ್ ನಗರ ಹಿಡಿಯುತ್ತಾರೆ. ಇಲ್ಲಿ ಹಿಂದಿ ಮಾಧ್ಯಮದವರದೇ ದೊಡ್ಡ ಸಂಖ್ಯೆ. ಆದರೂ ಕರ್ನಾಟಕದಿಂದ ಬಂದವರು ಇಲ್ಲೂ, ಪಕ್ಕದ ನೆಹರು ವಿಹಾರ, ಗಾಂಧಿ ವಿಹಾರಗಳಲ್ಲೂ ಕೋಣೆ ಹಿಡಿದುಕೊಂಡಿರುತ್ತಾರೆ. ಅವರಲ್ಲಿ ಬೆಂಗಳೂರಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ, ಕೈಯಲ್ಲಿ ಒಂದಿಷ್ಟು ಉಳಿತಾಯ ಆದಮೇಲೆ ರಾಜೀನಾಮೆ ಕೊಟ್ಟು ಬಂದವರೂ ಇದ್ದಾರೆ.

ಅಂಥವರು ಓದು ನಿಲ್ಲಿಸಿ ಕೆಲಸಕ್ಕೆ ಮರಳಲು ತೀರ್ಮಾನಿಸಿದಾಗ ಬರೆಯಬೇಕಾದ ಒಂದು ಸಣ್ಣ ಪತ್ರದ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಈಗಿನ ಕಂಪನಿಯಲ್ಲಿ ಹೆಸರು ಸೂಚಿಸಿರುತ್ತಾರೆ. ಆ ಕಂಪನಿಯ ನೇಮಕಾತಿ ನೋಡಿಕೊಳ್ಳುವವರಿಗೆ ರೆಸ್ಯೂಮೆ ಲಗತ್ತಿಸಿ ಒಂದು ಇಮೇಲ್ ಕಳಿಸಬೇಕು. ಕೆಲಸ ಇಷ್ಟೇ. ಆದರೆ ಮೂರು ವರ್ಷ ಪುಟಗಟ್ಟಲೆ ಉತ್ತರ ಬರೆದು ಪಳಗಿದವರೂ ಈ ನೂರು ಪದದಲ್ಲಿ ಎಡವುವುದನ್ನು ನೋಡುತ್ತೇವೆ. ಭಾಷೆ ಬಾರದೆ ಹೀಗಾಗುವುದಿಲ್ಲ. ಓದುವವರು ಆ ಪತ್ರದಲ್ಲಿ ಏನು ಹುಡುಕುತ್ತಾರೆ ಎಂಬುದು ಬರೆಯುವವರಿಗೆ ಗೊತ್ತಿರುವುದಿಲ್ಲ.

ಮರಳುವವರು ಎಷ್ಟು ಮಂದಿ ಎಂಬುದಕ್ಕೆ 2024ರ ನಾಗರಿಕ ಸೇವಾ ಪರೀಕ್ಷೆಯ ಅಂಕಿ ನೋಡಿ. ಪೂರ್ವಭಾವಿ ಪರೀಕ್ಷೆ ಬರೆದವರು 5,83,213 ಜನ. ಅವರಲ್ಲಿ ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627, ಸಂದರ್ಶನಕ್ಕೆ ಹೋದವರು 2,845, ಕೊನೆಗೆ ಆಯ್ಕೆಯಾದವರು 1,009. ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರಿಗೆ ಆಯೋಗವೇ ಒಂದು ದಾರಿ ಮಾಡಿದೆ. ಒಪ್ಪಿಗೆ ಕೊಟ್ಟವರ ವಿವರವನ್ನು ಉದ್ಯೋಗದಾತರಿಗೆ ತೋರಿಸುವ ಈ ವ್ಯವಸ್ಥೆಗೆ 2025ರಲ್ಲಿ ‘ಪ್ರತಿಭಾ ಸೇತು’ ಎಂಬ ಪೋರ್ಟಲ್ ಆಯಿತು. ಖಾಸಗಿ ಕಂಪನಿಗಳೂ ಅದರಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಮುಖ್ಯ ಪರೀಕ್ಷೆ ಬರೆದು ಅಲ್ಲೇ ನಿಂತ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಗೆ ಆ ಸೇತುವೆ ಇಲ್ಲ. ಪೂರ್ವಭಾವಿಯಲ್ಲೇ ಉಳಿದವರ ಮಾತು ಬಿಡಿ. ಇವರಿಗೆ ಉಳಿಯುವ ಗಟ್ಟಿಯಾದ ದಾರಿ ಎಂದರೆ ಹಿಂದೆ ಜೊತೆಯಲ್ಲಿ ಕೆಲಸ ಮಾಡಿದವರು.

ಮಾತು ಸ್ಪಷ್ಟವಾಗಲಿ ಎಂದು ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಹುಡುಗಿ. 2018ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದವಳು. 2021ರ ಜುಲೈನಲ್ಲಿ ಕೆಲಸ ಬಿಟ್ಟು ದೆಹಲಿಗೆ ಬಂದಳು. 2022ರಲ್ಲಿ ಪೂರ್ವಭಾವಿ ಆಗಲಿಲ್ಲ. 2023 ಮತ್ತು 2024ರಲ್ಲಿ ಮುಖ್ಯ ಪರೀಕ್ಷೆ ಬರೆದಳು. 2024ರ ಡಿಸೆಂಬರಿನಲ್ಲಿ ಬಂದ ಮುಖ್ಯ ಪರೀಕ್ಷೆಯ ಫಲಿತಾಂಶದಲ್ಲಿ ಅವಳ ಹೆಸರಿರಲಿಲ್ಲ. ಇನ್ನು ಸಾಕು ಎಂದು ತೀರ್ಮಾನಿಸಿದಳು. ಹಳೆಯ ಕಂಪನಿಯಲ್ಲಿ ಎರಡು ವರ್ಷ ಇವಳ ಪಕ್ಕದಲ್ಲೇ ಕುಳಿತು ಕೋಡ್ ಬರೆಯುತ್ತಿದ್ದ ಹಿರಿಯ ಸಹೋದ್ಯೋಗಿ ಈಗ ಇನ್ನೊಂದು ಕಂಪನಿಯಲ್ಲಿದ್ದಾರೆ. ಅಲ್ಲಿ ಟೆಸ್ಟಿಂಗ್ ಹುದ್ದೆ ಖಾಲಿ ಇರುವುದು ಇವಳಿಗೆ ಗೊತ್ತಾಗಿದೆ.

ಮೊದಲ ಅಡ್ಡಿ ಸಂಕೋಚದ್ದು. ಮೂರೂವರೆ ವರ್ಷ ಒಂದು ಮೆಸೇಜೂ ಹಾಕಿಲ್ಲ, ಈಗ ಕೆಲಸ ಬೇಕಾದಾಗ ನಾನು ನೆನಪಾದೆನೇ ಎಂದು ಅವರು ಅಂದುಕೊಳ್ಳುವುದಿಲ್ಲವೇ ಎಂಬ ಅಳುಕು. ಇದಕ್ಕೆ ಸಮಾಜಶಾಸ್ತ್ರದಲ್ಲಿ ಹಳೆಯದೊಂದು ಉತ್ತರ ಇದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯಸ್ಥರನ್ನು ಆಗಾಗ ಕಾಣುತ್ತಿದ್ದವರು ಶೇ 16.7 ಮಾತ್ರ. ಉಳಿದವರೆಲ್ಲ ಅಪರೂಪಕ್ಕೋ ಒಮ್ಮೊಮ್ಮೆಯೋ ಭೇಟಿಯಾಗುತ್ತಿದ್ದವರ ಮೂಲಕ ಕೆಲಸ ಕಂಡುಕೊಂಡಿದ್ದರು. ಕಾರಣ ಸರಳ. ದಿನವೂ ಜೊತೆಗಿರುವವರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಮುಖರ್ಜಿ ನಗರದ ರೂಮ್‌ಮೇಟ್‌ಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಹುದ್ದೆ ಖಾಲಿ ಇರುವುದು ತಿಳಿಯುವ ಸಂಭವ ಕಡಿಮೆ. ದೂರವಾದ ಸಹೋದ್ಯೋಗಿಗೆ ತಿಳಿದಿರುತ್ತದೆ. ಹಾಗಾಗಿ ಸಂಪರ್ಕ ತಪ್ಪಿಹೋದವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಕೇಳುವ ರೀತಿ ಒಂದಿದೆ.

‘ನಿಮ್ಮ ಕಂಪನಿಯಲ್ಲಿ ಏನಾದರೂ ಓಪನಿಂಗ್ ಇದ್ದರೆ ಹೇಳಿ ಮೇಡಂ’ ಎಂದು ಕೇಳಿದರೆ ಹುಡುಕುವ ಕೆಲಸವನ್ನೂ ಅವರ ತಲೆಗೆ ಹಾಕಿದಂತಾಯಿತು. ಅವರು ಒಳ್ಳೆಯವರಾದರೂ ಆ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಕೆಳಗಿಳಿದು ಮರೆತುಹೋಗುತ್ತದೆ. ಇವಳು ಹೀಗೆ ಬರೆಯಬಹುದು: ‘ನಮಸ್ಕಾರ ಮೇಡಂ, ಹೇಗಿದ್ದೀರಿ? ಯುಪಿಎಸ್‌ಸಿ ಓದು ಮುಗಿಸಿ ಟೆಸ್ಟಿಂಗ್ ಕೆಲಸಕ್ಕೇ ವಾಪಸ್ ಬರುತ್ತಿದ್ದೇನೆ. ನಿಮ್ಮ ಕಂಪನಿಯ ಸೈಟಿನಲ್ಲಿ ಈ ಹುದ್ದೆ ನೋಡಿದೆ, ಅದರ ಸಂಖ್ಯೆ ಮತ್ತು ಲಿಂಕ್ ಕಳಿಸಿದ್ದೇನೆ. ನನ್ನ ಕೆಲಸ ನೀವು ಹತ್ತಿರದಿಂದ ನೋಡಿದ್ದೀರಿ. ಸರಿ ಅನಿಸಿದರೆ ರೆಫರ್ ಮಾಡುತ್ತೀರಾ? ಎಚ್‌ಆರ್‌ಗೆ ಬರೆಯುವಾಗ ನಿಮ್ಮ ಹೆಸರು ಹೇಳಬಹುದಾ? ಕಷ್ಟವಾದರೆ ಖಂಡಿತ ಬೇಸರವಿಲ್ಲ.’ ಕೊನೆಯ ವಾಕ್ಯ ಬರೀ ಉಪಚಾರದ್ದಲ್ಲ. ಮನಸ್ಸಿಲ್ಲದೆ ರೆಫರ್ ಮಾಡಿದವರು ಒಳಗಿನಿಂದ ಕೇಳಿದಾಗ ‘ಹೌದು, ಪರಿಚಯ ಇದೆ’ ಎಂದಷ್ಟೇ ಹೇಳುತ್ತಾರೆ. ಆ ಮಾತು ಇವಳಿಗೆ ಅನುಕೂಲಕ್ಕಿಂತ ತೊಂದರೆಯನ್ನೇ ಮಾಡುತ್ತದೆ. ಹೆಸರು ಬಳಸಲು ಒಪ್ಪಿಗೆ ಕೇಳುವುದಂತೂ ಬಿಡಬಾರದ ಹೆಜ್ಜೆ. ನೇಮಕಾತಿಯವರು ಪತ್ರ ಓದಿದ ಮೇಲೆ ಮಾಡುವ ಮೊದಲ ಕೆಲಸ, ಕಂಪನಿಯ ಒಳಗಿನ ಚಾಟ್‌ನಲ್ಲಿ ಆ ಸಹೋದ್ಯೋಗಿಗೆ ‘ಇವರು ಗೊತ್ತಾ, ಹೇಗೆ?’ ಎಂದು ಕೇಳುವುದು. ಆಗ ಅವರಿಗೆ ಅದು ಹೊಸ ಸುದ್ದಿಯಾದರೆ ಪತ್ರ ಅಲ್ಲಿಗೇ ಮುಗಿಯಿತು.

ಒಪ್ಪಿಗೆ ಸಿಕ್ಕಿತು ಎಂದುಕೊಳ್ಳಿ. ಈಗಲೇ ಇಮೇಲ್ ಬರೆಯುವ ಹಾಗಿಲ್ಲ, ಏಕೆಂದರೆ ರೆಫರಲ್‌ಗೆ ಕಂಪನಿಯೊಳಗೆ ಒಂದು ಕ್ರಮ ಇರುತ್ತದೆ. ಮಧ್ಯಮ ಮತ್ತು ದೊಡ್ಡ ಕಂಪನಿಗಳಲ್ಲಿ ಅರ್ಜಿಗಳೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ದಾಖಲಾಗುತ್ತವೆ. ಪ್ರತಿ ಅರ್ಜಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬ ಗುರುತು ಬೀಳುತ್ತದೆ: ಕಂಪನಿಯ ಜಾಲತಾಣದಿಂದಲೋ, ಏಜೆನ್ಸಿಯಿಂದಲೋ, ನೌಕರರ ರೆಫರಲ್‌ನಿಂದಲೋ. ಸಾಮಾನ್ಯವಾಗಿ ಸಹೋದ್ಯೋಗಿ ತಮ್ಮ ಲಾಗಿನ್‌ನಿಂದ ಅಭ್ಯರ್ಥಿಯ ಹೆಸರು, ಇಮೇಲ್, ಹುದ್ದೆಯ ಸಂಖ್ಯೆ ಹಾಕುತ್ತಾರೆ. ಅಭ್ಯರ್ಥಿಗೆ ಒಂದು ಲಿಂಕ್ ಬರುತ್ತದೆ. ಆ ಲಿಂಕಿನ ಮೂಲಕವೇ ಅರ್ಜಿ ತುಂಬಬೇಕು. ಇವಳು ಅವಸರಪಟ್ಟು ಹಿಂದಿನ ದಿನವೇ ಕಂಪನಿಯ ಸೈಟಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದರೆ ಅದು ನೇರ ಅರ್ಜಿ ಎಂದು ದಾಖಲಾಗಿರುತ್ತದೆ. ಆಮೇಲೆ ಸಹೋದ್ಯೋಗಿ ರೆಫರ್ ಮಾಡಲು ಹೋದರೆ ‘ಈ ಅಭ್ಯರ್ಥಿ ಈಗಾಗಲೇ ಇದ್ದಾರೆ’ ಎಂದು ಹಲವು ಕಡೆ ಸಾಫ್ಟ್‌ವೇರ್ ನಿರಾಕರಿಸುತ್ತದೆ. ಒಮ್ಮೆ ಅರ್ಜಿ ಹಾಕಿದವರನ್ನು ಕೆಲವು ತಿಂಗಳು ಹೊಸ ರೆಫರಲ್ ಆಗಿ ಪರಿಗಣಿಸದ ನಿಯಮವೂ ಅನೇಕ ಕಂಪನಿಗಳಲ್ಲಿದೆ. ಯಾವುದಾದರೂ ಏಜೆನ್ಸಿ ಇವಳ ರೆಸ್ಯೂಮೆಯನ್ನು ಅಲ್ಲಿಗೆ ಮೊದಲೇ ಕಳಿಸಿದ್ದರೂ ಇದೇ ತೊಡಕು. ಆದ್ದರಿಂದ ಮೊದಲು ಸಹೋದ್ಯೋಗಿಯ ದಾಖಲು, ಆಮೇಲೆ ಲಿಂಕ್ ಮೂಲಕ ಅರ್ಜಿ, ಅದಾದಮೇಲೆ ಇಮೇಲ್. ಲಿಂಕ್ ಬರುವುದು ಸಹೋದ್ಯೋಗಿ ದಾಖಲಿಸಿದ ಇಮೇಲ್ ವಿಳಾಸಕ್ಕೆ, ಹಾಗಾಗಿ ಅರ್ಜಿ, ರೆಸ್ಯೂಮೆ, ಪತ್ರ ಮೂರರಲ್ಲೂ ಒಂದೇ ವಿಳಾಸ ಇರಬೇಕು. ಪರೀಕ್ಷೆಯ ಉಮೇದಿನಲ್ಲಿ ಐಎಎಸ್ ಎಂಬ ಅಕ್ಷರ ಸೇರಿಸಿ ಮಾಡಿಕೊಂಡ ವಿಳಾಸ ಇದ್ದರೆ ಅದನ್ನು ಇಲ್ಲಿ ಬಳಸದೆ, ಸ್ವಂತ ಹೆಸರಿನದೊಂದು ಮಾಡಿಕೊಳ್ಳುವುದು ಒಳ್ಳೆಯದು. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಅರ್ಜಿ ಸಾಫ್ಟ್‌ವೇರಿನಲ್ಲಿ ಸೇರಿದ ಮೇಲೆ ಇಮೇಲ್ ಯಾಕೆ ಬೇಕು ಎಂಬ ಪ್ರಶ್ನೆ ಬರಬಹುದು. ಆ ಪಟ್ಟಿಯಲ್ಲಿ ಒಂದೇ ಹುದ್ದೆಗೆ ನೂರಾರು ಹೆಸರು ಇರುತ್ತವೆ. ನೇಮಕಾತಿಯವರು ಒಂದೇ ಕಾಲಕ್ಕೆ ಹತ್ತಾರು ಹುದ್ದೆ ನೋಡಿಕೊಳ್ಳುತ್ತಿರುತ್ತಾರೆ. ಇಮೇಲ್ ಬಂದರೆ ಆ ಒಂದು ಹೆಸರನ್ನು ತೆರೆದು ನೋಡಲು ಒಂದು ಕಾರಣ ಸಿಗುತ್ತದೆ. ಇನ್ನೂ ಮುಖ್ಯವಾಗಿ, ಆ ಪತ್ರವನ್ನು ಅವರು ಹಾಗೆಯೇ ತಂಡದ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಬಹುದು. ಪತ್ರ ಬರೆಯುವಾಗ ಕಣ್ಣೆದುರು ಇರಬೇಕಾದದ್ದು ಈ ಎರಡನೆಯ ಓದುಗ. ಅವರಿಗೆ ಅಭ್ಯರ್ಥಿ ಯಾರೆಂದು ಗೊತ್ತಿಲ್ಲ, ರೆಸ್ಯೂಮೆ ಇನ್ನೂ ತೆರೆದಿಲ್ಲ. ಫೋನಿನ ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಮೂರು ಸಂಗತಿ ಸಿಗಬೇಕು: ಯಾವ ಹುದ್ದೆ, ನಮ್ಮಲ್ಲಿ ಇವರ ಕೆಲಸ ಬಲ್ಲವರು ಯಾರು, ನಡುವಿನ ವರ್ಷಗಳಲ್ಲಿ ಏನಾಯಿತು.

ಮುಖರ್ಜಿ ನಗರದಲ್ಲಿ ಬೆಳೆದ ಬರವಣಿಗೆಯ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ ಹದಿನೈದು ಅಂಕದ ಪ್ರಶ್ನೆಗೆ 250 ಪದ, ಹತ್ತು ಅಂಕದ್ದಕ್ಕೆ 150 ಪದ ಬರೆಯಬೇಕು. ಕೋಚಿಂಗ್‌ನಲ್ಲಿ ಕಲಿಸುವ ಅಚ್ಚು ಎಂದರೆ ಪೀಠಿಕೆ, ಎಲ್ಲ ಮಗ್ಗುಲುಗಳ ಚರ್ಚೆ, ಮುಂದಿನ ದಾರಿ. ಪರೀಕ್ಷಕರಿಗೆ ಅದು ಸರಿ, ಅವರು ಇಡೀ ಉತ್ತರ ಓದಿ ಅಂಕ ಕೊಡಬೇಕಾದವರು. ಆ ಅಚ್ಚಿನಲ್ಲಿ ಇಮೇಲ್ ಬರೆದರೆ ‘ಮಾನ್ಯರೇ, ವಿನಮ್ರವಾಗಿ ತಿಳಿಸುವುದೇನೆಂದರೆ’ ಎಂದು ಶುರುವಾಗಿ, ದೇಶಸೇವೆಯ ಕನಸಿನಿಂದ ಕೆಲಸ ಬಿಟ್ಟದ್ದು, ದೆಹಲಿಯ ಕಷ್ಟ, ಪರೀಕ್ಷೆಯಿಂದ ಕಲಿತ ಸಹನೆ ಮತ್ತು ಛಲ, ಕೊನೆಯ ಪ್ಯಾರಾದಲ್ಲಿ ರೆಫರ್ ಮಾಡಿದವರ ಹೆಸರು ಬರುತ್ತದೆ. ಬರೆದದ್ದೆಲ್ಲ ನಿಜವೇ. ಆದರೆ ಓದುವವರಿಗೆ ಬೇಕಾದ ಹೆಸರು ಕೊನೆಯಲ್ಲಿದೆ, ಹುದ್ದೆಯ ಸಂಖ್ಯೆ ಎಲ್ಲೂ ಇಲ್ಲ.

ಹತ್ತು ಅಂಕದ ಉತ್ತರಕ್ಕಿಂತ ಇದು ಉದ್ದವಾಗಬಾರದು ಎಂಬ ಮಿತಿ ಹಾಕಿಕೊಂಡರೆ ಸಾಕು, ಅರ್ಧ ಸಮಸ್ಯೆ ಕಳೆಯುತ್ತದೆ. ನಮ್ಮ ಹಾಸನದ ಹುಡುಗಿ 2025ರ ಫೆಬ್ರವರಿಯಲ್ಲಿ ಬರೆಯುವ ಪತ್ರ ಹೀಗಿರಬಹುದು. ಅದು ಹೋಗುವುದು ಇಂಗ್ಲಿಷಿನಲ್ಲಿ. ಇಲ್ಲಿ ಅದರ ಒಕ್ಕಣೆಯನ್ನು ಕನ್ನಡದಲ್ಲಿ ಕೊಡುತ್ತೇನೆ.

ವಿಷಯ: ಟೆಸ್ಟ್ ಎಂಜಿನಿಯರ್, ಹುದ್ದೆ ಸಂಖ್ಯೆ 4471 – (ಸಹೋದ್ಯೋಗಿಯ ಹೆಸರು) ಅವರ ರೆಫರಲ್ – (ಅಭ್ಯರ್ಥಿಯ ಹೆಸರು)

ನಮಸ್ಕಾರ (ನೇಮಕಾತಿಯವರ ಹೆಸರು) ಅವರೇ,

ನಿಮ್ಮ ಪೇಮೆಂಟ್ಸ್ ತಂಡದಲ್ಲಿರುವ (ಸಹೋದ್ಯೋಗಿಯ ಹೆಸರು) ಅವರು ಈ ಹುದ್ದೆಗೆ ನನ್ನನ್ನು ರೆಫರ್ ಮಾಡಿದ್ದಾರೆ. 2019ರಿಂದ 2021ರವರೆಗೆ ನಾವು ಬೆಂಗಳೂರಿನಲ್ಲಿ ಒಂದೇ ತಂಡದಲ್ಲಿದ್ದೆವು. ಅವರು ಬರೆದ ಕೋಡನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸುತ್ತಿದ್ದವಳು ನಾನು.

2018ರ ಜುಲೈನಿಂದ 2021ರ ಜುಲೈವರೆಗೆ ಬ್ಯಾಂಕಿಂಗ್ ಆ್ಯಪ್‌ಗಳ ಟೆಸ್ಟಿಂಗ್ ಮಾಡಿದ್ದೇನೆ, ಕೊನೆಯ ಒಂದೂವರೆ ವರ್ಷ ಸೆಲೆನಿಯಂ ಮತ್ತು ಜಾವಾದಲ್ಲಿ ಆಟೊಮೇಷನ್. 2021ರ ಆಗಸ್ಟ್‌ನಿಂದ 2024ರ ಡಿಸೆಂಬರ್‌ವರೆಗೆ ದೆಹಲಿಯಲ್ಲಿ ಪೂರ್ಣಾವಧಿಯಾಗಿ ನಾಗರಿಕ ಸೇವಾ ಪರೀಕ್ಷೆಗೆ ಓದಿದೆ. ಎರಡು ಬಾರಿ ಮುಖ್ಯ ಪರೀಕ್ಷೆ ಬರೆದೆ. ಆ ಓದನ್ನು ಮುಗಿಸಿದ್ದೇನೆ, ಈ ವರ್ಷ ಅರ್ಜಿ ಹಾಕಿಲ್ಲ. ಈಗ ಪ್ಲೇರೈಟ್ ಕಲಿತು ಮಾಡಿದ ಒಂದು ಸಣ್ಣ ಪ್ರಾಜೆಕ್ಟಿನ ಲಿಂಕ್ ರೆಸ್ಯೂಮೆಯಲ್ಲಿದೆ.

ನೋಟಿಸ್ ಅವಧಿ ಇಲ್ಲ. 15 ದಿನದಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಬಲ್ಲೆ. ರೆಸ್ಯೂಮೆ ಲಗತ್ತಿಸಿದ್ದೇನೆ. ಈ ವಾರ ಯಾವ ಹೊತ್ತಿನಲ್ಲಾದರೂ ಫೋನಿಗೆ ಸಿಗುತ್ತೇನೆ.

(ಹೆಸರು, ಫೋನ್ ಸಂಖ್ಯೆ)

ಇದರಲ್ಲಿ ವಿಷಯದ ಸಾಲು ಮುಖ್ಯ. ನೇಮಕಾತಿಯವರು ಎರಡು ವಾರ ಬಿಟ್ಟು ಈ ಪತ್ರವನ್ನು ಹುಡುಕುವಾಗ ಹುಡುಕುಪಟ್ಟಿಯಲ್ಲಿ ಹುದ್ದೆಯ ಸಂಖ್ಯೆ ಹಾಕುತ್ತಾರೆ, ಇಲ್ಲವೇ ರೆಫರ್ ಮಾಡಿದವರ ಅಥವಾ ಅಭ್ಯರ್ಥಿಯ ಹೆಸರು ಹಾಕುತ್ತಾರೆ. ಮೂರೂ ಆ ಸಾಲಿನಲ್ಲಿರುವುದು ಇದಕ್ಕಾಗಿ. ಇಮೇಲ್ ವಿಳಾಸದಲ್ಲೂ ಸ್ವಂತ ಹೆಸರೇ ಇರಲಿ ಎಂದದ್ದೂ ಇದಕ್ಕೇ. ‘ಕೆಲಸಕ್ಕಾಗಿ ಅರ್ಜಿ’ ಎಂಬ ವಿಷಯ ಬರೆದರೆ ಅದೇ ಸಾಲಿನ ನೂರು ಪತ್ರಗಳ ನಡುವೆ ಇದೂ ಒಂದಾಗುತ್ತದೆ.

ರೆಫರ್ ಮಾಡಿದವರ ಹೆಸರಿನ ಜೊತೆಗೆ ‘ಹೇಗೆ ಗೊತ್ತು’ ಎಂಬ ಒಂದು ವಾಕ್ಯ ಇರುವುದನ್ನು ಗಮನಿಸಿ. ರೆಫರಲ್‌ನಲ್ಲಿ ತೂಕ ಇರುವುದು ಈ ವಾಕ್ಯಕ್ಕೆ. ನೌಕರರು ಸೂಚಿಸಿದ ಅಭ್ಯರ್ಥಿ ಸೇರಿ ಕೆಲವು ತಿಂಗಳು ಉಳಿದರೆ ಸೂಚಿಸಿದವರಿಗೆ ಬಹುಮಾನದ ಹಣ ಕೊಡುವ ಪದ್ಧತಿ ಅನೇಕ ಕಂಪನಿಗಳಲ್ಲಿದೆ. ಹಾಗಾಗಿ ಸರಿಯಾಗಿ ಪರಿಚಯವೇ ಇಲ್ಲದವರನ್ನೂ ರೆಫರ್ ಮಾಡುವವರಿದ್ದಾರೆ ಎಂಬುದು ನೇಮಕಾತಿಯವರಿಗೆ ಚೆನ್ನಾಗಿ ಗೊತ್ತು. ‘ನನ್ನ ಆಪ್ತ ಸ್ನೇಹಿತೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಅವರು ಬರೆದ ಕೋಡನ್ನು ಪರೀಕ್ಷಿಸುತ್ತಿದ್ದೆ’ ಎಂದರೆ, ಇವಳು ಎಷ್ಟು ದೋಷ ಹಿಡಿಯುತ್ತಿದ್ದಳು, ಹಿಡಿದದ್ದನ್ನು ಹೇಗೆ ಬರೆದು ತಿಳಿಸುತ್ತಿದ್ದಳು ಎಂದು ಕೇಳಲು ಒಬ್ಬ ಸಾಕ್ಷಿ ಸಿಕ್ಕಂತಾಯಿತು. ಆ ವಾಕ್ಯ ಸಹೋದ್ಯೋಗಿ ಪೋರ್ಟಲ್‌ನಲ್ಲಿ ಬರೆದದ್ದಕ್ಕೆ ಹೊಂದಬೇಕು. ಅವರು ‘ಒಂದು ವರ್ಷ ಜೊತೆಗಿದ್ದೆವು’ ಎಂದು ಹಾಕಿ ಇವಳು ‘ಎರಡು ವರ್ಷ’ ಎಂದರೆ ಸಂಶಯಕ್ಕೆ ಎಡೆ. ಪತ್ರ ಕಳಿಸುವ ಮುಂಚೆ ಆ ಒಂದು ಸಾಲನ್ನು ಅವರಿಗೆ ತೋರಿಸಿಬಿಡುವುದು ಕ್ಷೇಮ.

ಇನ್ನು ನಡುವಿನ ಮೂರೂವರೆ ವರ್ಷ. ಬಹಳ ಜನ ಭಯಪಡುವುದು ಇದಕ್ಕೇ, ತಪ್ಪು ಹೆಜ್ಜೆ ಇಡುವುದೂ ಇಲ್ಲಿಯೇ. ಪರಿಚಯದವರ ಸಣ್ಣ ಕಂಪನಿಯಲ್ಲಿ ಆ ಕಾಲದಲ್ಲಿ ಕೆಲಸ ಮಾಡುತ್ತಿದ್ದೆ ಎಂದು ತೋರಿಸಿಬಿಡು ಎಂಬ ಸಲಹೆ ಕೊಡುವವರು ಸಿಗುತ್ತಾರೆ. ಆದರೆ ಹಿಂದೆ ಪಿಎಫ್ ಕಡಿತವಾಗುತ್ತಿದ್ದ ನೌಕರರಿಗೆ ಯುಎಎನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇದೆ. ಪಿಎಫ್ ಜಾಲತಾಣದಲ್ಲಿ ಆ ಸಂಖ್ಯೆಯಡಿ ಯಾವ ಸಂಸ್ಥೆಯಲ್ಲಿ ಯಾವಾಗ ಸೇರಿ ಯಾವಾಗ ಬಿಟ್ಟಿರಿ ಎಂಬ ಸೇವಾ ವಿವರ ಇರುತ್ತದೆ. ಆಫರ್ ಕೊಟ್ಟ ಮೇಲೆ ಹಿನ್ನೆಲೆ ಪರಿಶೀಲನೆ ಮಾಡುವವರು ಇದನ್ನೂ, ಹಳೆಯ ಕಂಪನಿಯ ರಿಲೀವಿಂಗ್ ಲೆಟರನ್ನೂ ಜೊತೆಯಲ್ಲಿಟ್ಟು ನೋಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೂ ಸುಳ್ಳು ಅನುಭವಕ್ಕಾಗಿ ಕಂಪನಿಗಳು ಕೆಲಸದಿಂದ ತೆಗೆಯುವುದುಂಟು. ಆಗ ರೆಫರ್ ಮಾಡಿದವರ ಮಾತಿಗೂ ಬೆಲೆ ಹೋಗುತ್ತದೆ. ಆದ್ದರಿಂದ ತಿಂಗಳು, ವರ್ಷ ಎರಡನ್ನೂ ರಿಲೀವಿಂಗ್ ಲೆಟರಿನಲ್ಲಿ ಇದ್ದ ಹಾಗೆಯೇ ಪತ್ರದಲ್ಲೂ ರೆಸ್ಯೂಮೆಯಲ್ಲೂ ಬರೆಯಬೇಕು.

ಯುಪಿಎಸ್‌ಸಿ ಓದಿದ್ದು ಎಂದು ನೇರವಾಗಿ ಬರೆದರೆ ನೇಮಕಾತಿಯವರು ಬೆಚ್ಚುವುದಿಲ್ಲ. ಅಂಥ ರೆಸ್ಯೂಮೆಗಳನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಅವರ ನಿಜವಾದ ಆತಂಕ ಮುಂದಿನದು: ಇವಳು ಸೇರಿ ಆರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಹೋಗಿಬಿಟ್ಟರೆ? 2025ರ ಪೂರ್ವಭಾವಿ ಮೇ 25ಕ್ಕೆ ಇತ್ತು, ಅಧಿಸೂಚನೆ ಜನವರಿಯಲ್ಲೇ ಬಂದಿತ್ತು. ಫೆಬ್ರವರಿಯಲ್ಲಿ ಬಂದ ಪತ್ರವನ್ನು ಓದುವವರ ಮನಸ್ಸಿನಲ್ಲಿ ಈ ಲೆಕ್ಕ ಬಂದೇ ಬರುತ್ತದೆ. ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ ಆರು ಬಾರಿ, ಹಿಂದುಳಿದ ವರ್ಗದವರಿಗೆ 35 ವರ್ಷದೊಳಗೆ ಒಂಬತ್ತು ಬಾರಿ ಬರೆಯಲು ಅವಕಾಶ ಇರುವುದೂ ಅವರಿಗೆ ಗೊತ್ತು. ಮೂರು ಸಲ ಬರೆದವರಿಗೆ ಇನ್ನೂ ಬಾಗಿಲು ತೆರೆದಿದೆ. ಹಾಗಾಗಿಯೇ ‘ಆ ಓದನ್ನು ಮುಗಿಸಿದ್ದೇನೆ, ಈ ವರ್ಷ ಅರ್ಜಿ ಹಾಕಿಲ್ಲ’ ಎಂಬ ವಾಕ್ಯ ಪತ್ರದಲ್ಲಿ ಬೇಕು. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಇದರಷ್ಟು ಬೆಲೆಯುಳ್ಳ ವಾಕ್ಯ ಇನ್ನೊಂದಿಲ್ಲ. ಆದರೆ ಅದು ನಿಜವಾಗಿರಬೇಕು. ಇನ್ನೊಂದು ಸಲ ನೋಡೋಣ ಎಂಬ ಆಸೆ ಒಳಗೆ ಉಳಿದಿದ್ದರೆ ಮೊದಲು ಆ ತೀರ್ಮಾನ ಆಗಲಿ, ಪತ್ರ ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ. ಏಕೆಂದರೆ ಆ ವಾಕ್ಯಕ್ಕೆ ಸಹೋದ್ಯೋಗಿಯೂ ಜಾಮೀನು ನಿಂತಿದ್ದಾರೆ.

ಎಷ್ಟನೆಯ ಹಂತದವರೆಗೆ ಹೋದೆ ಎಂಬುದನ್ನು ಅರ್ಧ ವಾಕ್ಯದಲ್ಲಿ ಹೇಳಿದರೆ ಸಾಕು. ಮುಖ್ಯ ಪರೀಕ್ಷೆಗೆ ಅರ್ಹಳಾಗಿದ್ದಕ್ಕೆ ಆಯೋಗದ ಫಲಿತಾಂಶ ಪಟ್ಟಿ, ಅಂಕಪಟ್ಟಿ ಆಧಾರವಾಗಿ ಇರುತ್ತವೆ, ಕೇಳಿದರೆ ತೋರಿಸಬಹುದು. ಆದರೆ ಟೆಸ್ಟಿಂಗ್ ಹುದ್ದೆಗೆ ಅಂಕಪಟ್ಟಿ ಲಗತ್ತಿಸುವುದರಿಂದ ಉಪಯೋಗವಿಲ್ಲ. ಅಲ್ಲಿ ಬೇಕಾದದ್ದು, ಮೂರೂವರೆ ವರ್ಷದಲ್ಲಿ ಬದಲಾದ ಸಾಧನಗಳು ಕೈಗೆ ಮತ್ತೆ ಬಂದಿವೆ ಎಂಬುದರ ಗುರುತು. ಸೆಲೆನಿಯಂ ಬಲ್ಲವಳು ಪ್ಲೇರೈಟ್ ಕಲಿತು ಒಂದು ಸಣ್ಣ ಕೆಲಸ ಮಾಡಿ ಲಿಂಕ್ ಕೊಟ್ಟಿರುವುದು ಅದಕ್ಕಾಗಿ. ನೋಟಿಸ್ ಅವಧಿ ಇಲ್ಲ ಎಂಬುದಂತೂ ಇಲ್ಲಿ ಅನುಕೂಲವೇ. ಐಟಿ ಕಂಪನಿಗಳಲ್ಲಿ ಇನ್ನೊಂದು ಕಡೆ ಕೆಲಸದಲ್ಲಿರುವವರಿಗೆ ಅನೇಕ ಬಾರಿ 60ರಿಂದ 90 ದಿನದ ನೋಟಿಸ್ ಇರುತ್ತದೆ; ಹುದ್ದೆ ಬೇಗ ತುಂಬಬೇಕಾದ ಮ್ಯಾನೇಜರ್‌ಗೆ ಹದಿನೈದು ದಿನ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ದೆಹಲಿಯ ವಿಳಾಸ ನೋಡಿ ಊರು ಬದಲಿಸುವರೋ ಇಲ್ಲವೋ ಎಂಬ ಅನುಮಾನ ಬಾರದಂತೆ ಬೆಂಗಳೂರು ಎಂದು ಹೆಸರಿಸಿಯೇ ಬರೆಯಬೇಕು. ಸಂಬಳದ ಮಾತು ಅವರು ಕೇಳುವವರೆಗೂ ಬೇಡ.

ಲಗತ್ತಿನ ವಿಚಾರದಲ್ಲಿ ಮುಖರ್ಜಿ ನಗರದ್ದೇ ಒಂದು ತೊಡಕು ಇದೆ. ಹಳೆಯ ರೆಸ್ಯೂಮೆಯ ಫೈಲ್ ಕಳೆದುಹೋಗಿರುತ್ತದೆ, ಕೋಣೆಯಲ್ಲಿ ಲ್ಯಾಪ್‌ಟಾಪ್ ಇರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಫೋನಿನಿಂದ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿಕೊಳ್ಳುತ್ತಾರೆ. ಸರ್ಕಾರಿ ಅರ್ಜಿಗೆ ಅದು ನಡೆಯುತ್ತದೆ. ಕಂಪನಿಯಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರ್. ಅದು ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಫೋನ್, ಕೌಶಲ ಎಂದು ವಿಂಗಡಿಸುತ್ತದೆ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ. ಅದರಲ್ಲಿ ಅಕ್ಷರಗಳೇ ಸಿಗದೆ ಹೋಗಬಹುದು. ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಒಂದು ಸಾಲಿನ ಮೇಲೆ ಬೆರಳೊತ್ತಿ ಹಿಡಿದು ಅಕ್ಷರ ಆಯ್ಕೆಯಾಗುತ್ತದೆಯೇ ನೋಡಿ. ಆಯ್ಕೆಯಾದರೆ ಅದನ್ನು ಕಾಪಿ ಮಾಡಿ ನೋಟ್ಸ್ ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಓದಿದ ಕ್ರಮದಲ್ಲೇ ಬಂದರೆ ಸರಿ. ಎರಡು ಕಾಲಂನ ಅಲಂಕಾರದ ವಿನ್ಯಾಸ ಬಳಸಿದ್ದರೆ ಎಡಗಡೆಯ ಸಾಲಿಗೆ ಬಲಗಡೆಯದು ಅಂಟಿಕೊಂಡು ಕಂಪನಿಯ ಹೆಸರಿನ ಪಕ್ಕದಲ್ಲಿ ಭಾಷೆಗಳ ಪಟ್ಟಿ ಬಂದು ಕುಳಿತಿರುತ್ತದೆ. ಅಂಗಡಿಯವರ ಹತ್ತಿರ ವರ್ಡ್ ಫೈಲಿನಿಂದಲೇ ನೇರವಾಗಿ ಪಿಡಿಎಫ್ ಮಾಡಿಸಿಕೊಂಡು, ಎರಡನ್ನೂ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಸಹಿ ಬೇಕಿಲ್ಲ. ತಂದೆಯ ಹೆಸರು, ಜಾತಿ, ಧರ್ಮ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ ಯಾವುದೂ ಬೇಕಿಲ್ಲ.

ಫೈಲಿಗೆ `resume_final_new2.pdf` ಎಂಬ ಹೆಸರು ಇದ್ದರೆ, ಇಳಿಸಿಕೊಂಡವರ ಫೋಲ್ಡರಿನಲ್ಲಿ ಅದು ಯಾರದ್ದೆಂದು ತಿಳಿಯುವುದಿಲ್ಲ. ಮೊದಲು ಸ್ವಂತ ಹೆಸರು, ಆಮೇಲೆ ಹುದ್ದೆ, ಉದಾಹರಣೆಗೆ `Name_TestEngineer.pdf` ಎಂಬಂತೆ ಇರಲಿ. ಗೂಗಲ್ ಡ್ರೈವ್‌ನ ಲಿಂಕ್ ಕಳಿಸಬೇಡಿ. ಅನುಮತಿ ಕೊಡಲು ಮರೆತಿದ್ದರೆ ತೆರೆಯುವವರಿಗೆ ‘ಅನುಮತಿ ಕೇಳಿ’ ಎಂಬ ಪುಟ ಬರುತ್ತದೆ. ಆ ಕೋರಿಕೆ ಇವಳ ಇಮೇಲ್‌ಗೆ ರಾತ್ರಿ ತಲುಪಿ ಇವಳು ಬೆಳಿಗ್ಗೆ ನೋಡುವಷ್ಟರಲ್ಲಿ ಅವರು ಮುಂದಿನ ಹೆಸರಿಗೆ ಹೋಗಿರುತ್ತಾರೆ. ಎರಡು ಪುಟದ ರೆಸ್ಯೂಮೆ ಕೆಲವು ನೂರು ಕೆಬಿ ದಾಟುವುದಿಲ್ಲ, ನೇರವಾಗಿ ಲಗತ್ತಿಸಲು ಯಾವ ತೊಂದರೆಯೂ ಇಲ್ಲ. ಬರೆಯುವಾಗ ಫೈಲನ್ನು ಮೊದಲು ಲಗತ್ತಿಸಿ, ಆಮೇಲೆ ಪತ್ರ ಬರೆದು, ಕೊನೆಯಲ್ಲಿ ‘ಗೆ’ ವಿಳಾಸ ತುಂಬಿದರೆ ಖಾಲಿ ಪತ್ರ ಹೋಗುವ ಭಯವಿಲ್ಲ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ, ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳಲು ಅವಕಾಶ ಇದೆ.

ಸಹೋದ್ಯೋಗಿಯನ್ನು ಸಿಸಿಯಲ್ಲಿ ಸೇರಿಸಬೇಕೇ? ಅವರನ್ನೇ ಕೇಳಬೇಕು. ಕೆಲವರಿಗೆ ಅದು ಸರಿ, ನೇಮಕಾತಿಯವರು ಅದೇ ಪತ್ರದಲ್ಲಿ ಅವರಿಗೆ ಉತ್ತರ ಬರೆದು ಕೇಳಬಹುದು. ತಾವೇ ಮೊದಲು ಇಬ್ಬರನ್ನೂ ಪರಿಚಯಿಸಿ ಒಂದು ಸಾಲು ಬರೆಯಲು ಅವರು ಸಿದ್ಧರಿದ್ದರೆ ಇನ್ನೂ ಉತ್ತಮ. ಆಗ ಹೊಸ ಪತ್ರ ಬರೆಯದೆ ಅದಕ್ಕೇ ಉತ್ತರವಾಗಿ ಈ ಒಕ್ಕಣೆ ಹೋಗಬೇಕು. ಒಪ್ಪಿಗೆ ಇಲ್ಲದೆ ಸಿಸಿ ಹಾಕಿದರೆ ಮಾತ್ರ ಅವರ ಕೈ ಹಿಡಿದು ಎಳೆದಂತಾಗುತ್ತದೆ.

ಉತ್ತರ ಬಾರದೆ ಇರಬಹುದು. ಐದಾರು ಕೆಲಸದ ದಿನ ಕಳೆದ ಮೇಲೆ ಅದೇ ಪತ್ರದ ಎಳೆಯಲ್ಲಿ, ರೆಸ್ಯೂಮೆಯನ್ನು ಮತ್ತೆ ಲಗತ್ತಿಸಿ, ‘ಈ ಹುದ್ದೆ ಇನ್ನೂ ತೆರೆದಿದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ’ ಎಂದು ಒಂದು ವಾಕ್ಯ ಬರೆಯಬಹುದು. ಅದಕ್ಕೂ ಮೌನವಾದರೆ ಮೂರನೆಯದು ಬೇಡ. ಆಗ ಸಹೋದ್ಯೋಗಿಗೆ, ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ಏನಿದೆ ನೋಡಿ ಹೇಳುವಿರಾ ಎಂದು ಕೇಳಬಹುದು. ರೆಫರ್ ಮಾಡಿದವರಿಗೆ ಅದು ಸಾಮಾನ್ಯವಾಗಿ ಕಾಣುತ್ತದೆ. ಹುದ್ದೆ ಮುಚ್ಚಿದೆ ಎಂದಿದ್ದರೆ ಅದು ಇವಳ ರೆಸ್ಯೂಮೆಯ ಮೇಲಿನ ತೀರ್ಪಲ್ಲ. ಮಂಜೂರಾತಿ ನಿಂತುಹೋಗಿರಬಹುದು, ಒಳಗಿನವರೇ ಯಾರೋ ಬಂದಿರಬಹುದು. ‘ತಿರಸ್ಕೃತ’ ಎಂದಿದ್ದರೆ ಆರು ತಿಂಗಳು ಆ ಕಂಪನಿ ಬಿಟ್ಟು ಬೇರೆ ಕಡೆ ನೋಡಬೇಕು. ಸಂದರ್ಶನಕ್ಕೆ ಕರೆ ಬಂದರೆ ಆ ದಿನವೇ, ಸಂದರ್ಶನ ಆದಮೇಲೆ ಇನ್ನೊಮ್ಮೆ, ಫಲಿತಾಂಶ ಬಂದಾಗ ಮತ್ತೊಮ್ಮೆ ಸಹೋದ್ಯೋಗಿಗೆ ಇವಳೇ ತಿಳಿಸಬೇಕು. ಕಂಪನಿಯ ಪೋರ್ಟಲ್ ಅವರಿಗೆ ಸ್ಥಿತಿ ತೋರಿಸುತ್ತದೆಯೇ ಹೊರತು, ಸಂದರ್ಶನದಲ್ಲಿ ಏನು ಕೇಳಿದರು, ಎಲ್ಲಿ ತಡವರಿಸಿದಳು ಎಂಬುದನ್ನು ಹೇಳುವುದಿಲ್ಲ. ಅದು ಗೊತ್ತಾದರೆ, ಅದೇ ಕಂಪನಿಯ ಇನ್ನೊಂದು ತಂಡದಲ್ಲಿ ಹುದ್ದೆ ಖಾಲಿಯಾದಾಗ ಯಾವುದಕ್ಕೆ ಇವಳನ್ನು ಸೂಚಿಸಬಹುದು, ಯಾವುದಕ್ಕೆ ಬೇಡ ಎಂದು ಅವರು ತೀರ್ಮಾನಿಸಬಲ್ಲರು.